ಕಂತಿಗೆ ಮುಂಚೆ ಮನೆಯ ಲೆಕ್ಕ



ಸಂಘದ ಪ್ರತಿ ವಾರದ ಸಭೆಯಲ್ಲಿ 50 ರೂಪಾಯಿ ಉಳಿತಾಯ ಕಟ್ಟಿ, ಪಾಸ್ ಪುಸ್ತಕದಲ್ಲಿ ಬರೆಸಿಕೊಳ್ಳುವುದನ್ನು ನೀವು ಮರೆಯುವುದಿಲ್ಲ. ಸಂಘದ ನಗದು ಪುಸ್ತಕವೂ ಸಾಲದ ಖಾತೆಯೂ ಸರಿಯಾಗಿಯೇ ಇರುತ್ತವೆ. ಆದರೆ ಸಾಲ ಕೇಳಿದಾಗ ನಿಮ್ಮ ಕೈಯಲ್ಲಿ ಎಷ್ಟು ಕಂತು ಕಟ್ಟಲು ಆಗುತ್ತದೆ ಎಂಬುದು ಆ ಪುಸ್ತಕಗಳಲ್ಲಿ ಸಿಗುವುದಿಲ್ಲ. ಅದಕ್ಕೆ ಮನೆಯ ಲೆಕ್ಕವೇ ಬೇಕು.

ಎರಡು ಹಸು ಕಟ್ಟಿರುವ ಒಂದು ಮನೆಯನ್ನು ಉದಾಹರಣೆಗೆ ತೆಗೆದುಕೊಳ್ಳೋಣ. ಕೂಲಿಯಿಂದ ತಿಂಗಳಿಗೆ 7,000 ರೂಪಾಯಿ. ಹಿಂಡಿ, ಬೂಸಾದ ಖರ್ಚು ಕಳೆದು ಹಾಲಿನಿಂದ 4,000. ದಿನಸಿ, ಗ್ಯಾಸು, ಕರೆಂಟು, ಮಕ್ಕಳ ಖರ್ಚು, ಔಷಧಿ ಸೇರಿ 9,400. ಉಳಿಯುವುದು 1,600. ಅದರಲ್ಲಿ ಸಂಘದ ಉಳಿತಾಯ 200 ಹೋದರೆ 1,400. ಈ ಅಕ್ಕ 10,000 ರೂಪಾಯಿ ಸಾಲ ಪಡೆದು, ತಿಂಗಳಿಗೆ 1,000 ಅಸಲು, ನೂರಕ್ಕೆ ಒಂದು ರೂಪಾಯಿ ಬಡ್ಡಿ ಕಟ್ಟುವುದಾದರೆ ಮೊದಲ ಕಂತು 1,100. ನಿಭಾಯಿಸಬಹುದು.

ಆದರೆ ಹಸು ವರ್ಷವಿಡೀ ಒಂದೇ ಸಮನೆ ಹಾಲು ಕೊಡುವುದಿಲ್ಲವಲ್ಲ! ಕರು ಹಾಕುವ ಮುಂಚೆ ಸುಮಾರು ಎರಡು ತಿಂಗಳು ಹಾಲು ಬತ್ತಿಸಬೇಕು. ಆಗ ಹಾಲಿನ ಆದಾಯ ಅರ್ಧಕ್ಕಿಳಿದರೆ ಕಂತಿನ ಮಾತಿರಲಿ, ಮನೆಖರ್ಚಿಗೇ ಕಡಿಮೆ ಬೀಳುತ್ತದೆ. ಕಂತು ತಪ್ಪಬಾರದೆಂದು ಬೇರೆ ಕಡೆ ಕೈಸಾಲ ಮಾಡುವುದು ಇಲ್ಲಿಂದಲೇ ಶುರು. ಹಳೆಯ ಸಾಲ ತೀರಿದ ವಾರವೇ ಅಷ್ಟೇ ಮೊತ್ತದ ಹೊಸ ಸಾಲ ಕೇಳಿದರೆ, ಹೊರಗಿನ ಸಾಲದಿಂದ ಒಳಗಿನದನ್ನು ತೀರಿಸಿರಬಹುದೇ ಎಂದು ಸಂಘದವರು ವಿಶ್ವಾಸದಿಂದ ವಿಚಾರಿಸಿ.

ಮನೆಯ ಪುಸ್ತಕದಲ್ಲಿ ಕರು ಹಾಕುವ ತಿಂಗಳನ್ನು ಗುರುತು ಹಾಕಿಕೊಂಡಿದ್ದರೆ ದಾರಿಯಿದೆ. ಸಾಲದ ಏಳನೇ, ಎಂಟನೇ ತಿಂಗಳು ಹಾಲು ಕಡಿಮೆ ಎಂದು ಗೊತ್ತಿದ್ದರೆ, ಆ ಎರಡು ತಿಂಗಳು ಬಡ್ಡಿ ಮಾತ್ರ ಕಟ್ಟುತ್ತೇನೆ ಎಂದು ಸಾಲ ಪಡೆಯುವ ದಿನವೇ ಕೇಳಿ, ನಡಾವಳಿಯಲ್ಲಿ ಬರೆಸಬಹುದು. ಅಷ್ಟರಲ್ಲಿ ಬಾಕಿ ಅಸಲು 4,000. ತಿಂಗಳ ಬಡ್ಡಿ ಬರೀ 40. ಅವಧಿ ಎರಡು ತಿಂಗಳು ಹೆಚ್ಚಿದ್ದಕ್ಕೆ ತೆರುವುದು 80 ರೂಪಾಯಿ. ಮೊದಲ ಆರು ತಿಂಗಳು ಕಂತು ಕಟ್ಟಿ ಉಳಿದ ಮುನ್ನೂರು ಚಿಲ್ಲರೆಯನ್ನು ತೆಗೆದಿಟ್ಟರೆ ಆ ಎರಡು ತಿಂಗಳ ಮನೆಖರ್ಚಿನ ಕೊರತೆಯೂ ತುಂಬುತ್ತದೆ.

ಬಡ್ಡಿ ಹಾಕುವ ಬಗೆಯನ್ನೂ ನೋಡಿಕೊಳ್ಳಿ. ಬಾಕಿ ಅಸಲಿಗೆ ಮಾತ್ರ ಹಾಕಿದರೆ ಹತ್ತು ಕಂತಿನ ಸಾಲಕ್ಕೆ ಒಟ್ಟು 550 ರೂಪಾಯಿ. ಪ್ರತಿ ತಿಂಗಳೂ ಪೂರ್ತಿ 10,000ಕ್ಕೇ ಹಾಕಿದರೆ 1,000. ದರ ಅದೇ ಒಂದು ರೂಪಾಯಿ, ಹೊರೆ ಮಾತ್ರ ಹೆಚ್ಚುಕಡಿಮೆ ಎರಡರಷ್ಟು. ತೀರಿಸಿದ ಹಣಕ್ಕೂ ಬಡ್ಡಿ ಪಡೆಯುವುದು ನನ್ನ ಪ್ರಕಾರ ನ್ಯಾಯವಲ್ಲ.

ಈ ವಾರದ ಸಭೆಗೆ ಮನೆಯ ಲೆಕ್ಕದ ಪುಸ್ತಕವನ್ನೂ ತನ್ನಿ. ಕಂತು ಕಟ್ಟಿದಾಗಲೆಲ್ಲ ಬಾಕಿ ಅಸಲು ಎಷ್ಟೆಂದು ಪಾಸ್ ಪುಸ್ತಕದಲ್ಲಿ ಬರೆಸಿಕೊಂಡೇ ಮೇಲೇಳಿ.