ಡಬ್ಬಿ ತಿರುಗಿಸಿ ನೋಡಿ: 5 ಇದೆಯಾ, ಅಲೆ ಇದೆಯಾ?

ಶಿರಂಗಾಲದ ಮನೆಯಿಂದ ಮಾತಾಡ್ತಿದ್ದೀನಿ. ಕುಶಾಲನಗರದಿಂದ ಪಾರ್ಸಲ್ ತಂದ ಪಂದಿ ಕರಿ ಮುಂದಿದೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ. ಹಾಗೇ ಮೈಕ್ರೋವೇವ್‌ಗೆ ಇಡಬಹುದಾ?

ತಳ ನೋಡಿದೆ. ತ್ರಿಕೋನದೊಳಗೆ 5, ಕೆಳಗೆ ಪಿಪಿ. ಅಂದ್ರೆ ಪಾಲಿಪ್ರೊಪಿಲೀನ್. ಇದು ಕರಗೋದು ಸುಮಾರು 160 ಡಿಗ್ರಿಗೆ, ಹಾಗಾಗಿ ಅನ್ನ, ಸಾರಿನ ಬಿಸಿ ತಡೆಯುತ್ತೆ. 1 ಇದ್ದರೆ ಅದು ನೀರಿನ ಬಾಟಲಿಯ ಪೆಟ್. 70-80 ಡಿಗ್ರಿಗೇ ಮೆತ್ತಗಾಗುತ್ತೆ. 6 ಅಂದ್ರೆ ಪಾಲಿಸ್ಟೈರೀನ್, ಅದೂ ಬೇಡ.

ಆದರೆ ಆ ಸಂಖ್ಯೆ ಹೇಳೋದು ಯಾವ ಪ್ಲಾಸ್ಟಿಕ್ ಅಂತ ಮಾತ್ರ. ಮೈಕ್ರೋವೇವ್‌ಗೆ ಆಗುತ್ತೆ ಅನ್ನೋಕೆ ಅಲೆಅಲೆ ಗೆರೆಗಳ ಗುರುತೋ, ‘ಮೈಕ್ರೋವೇವ್ ಸೇಫ್’ ಅನ್ನೋ ಬರಹವೋ ಬೇರೆಯಾಗಿ ಇರಬೇಕು.

ಇದ್ದರೂ ಪಂದಿ ಕರಿ ಕಥೆ ಬೇರೆ. ನೀರು 100 ಡಿಗ್ರಿ ಹತ್ತಿರ ಕುದ್ದು ಅಲ್ಲೇ ನಿಲ್ಲುತ್ತೆ, ಕೊಬ್ಬು ಅದನ್ನೂ ದಾಟಿ ಕಾಯುತ್ತೆ. ಎಣ್ಣೆ ನಿಂತ ಗೆರೆಯಲ್ಲಿ ಡಬ್ಬಿ ಬಿಳುಪಾಗಿ, ಬೆರಳಿಗೆ ತರಿತರಿ ಸಿಕ್ಕರೆ ಅಲ್ಲಿ ಪ್ಲಾಸ್ಟಿಕ್ ಹಾಳಾಗಿದೆ ಅಂತಲೇ. ಅಂಥದ್ದನ್ನ ಮತ್ತೆ ಬಿಸಿಗೆ ಇಡಬೇಡಿ.

ನಾನಂತೂ ಕರಿಯನ್ನ ಪಿಂಗಾಣಿ ಬಟ್ಟಲಿಗೆ ಸುರಿದೇ ಬಿಸಿ ಮಾಡ್ತೀನಿ. ಜೊತೆಗಿನ ಕಡಂಬುಟ್ಟು ಮಾತ್ರ ಅಲೆ ಗುರುತಿರೋ 5ರ ಡಬ್ಬಿಯಲ್ಲಿ, ಮುಚ್ಚಳ ಸಡಿಲ ಮಾಡಿ.