ಮಾರ್ಜಿನ್ ಯಾರ ರಕ್ಷಣೆಗೆ?



1987ರ ಅಕ್ಟೋಬರ್ 19ರಂದು ಅಮೆರಿಕದ ಡೌ ಸೂಚ್ಯಂಕ ಒಂದೇ ದಿನ ಶೇಕಡ 22ಕ್ಕೂ ಹೆಚ್ಚು ಬಿತ್ತು. ಮರುವರ್ಷ ಚಿಕಾಗೋ ಮರ್ಕೆಂಟೈಲ್ ಎಕ್ಸ್‌ಚೇಂಜ್ ‘ಸ್ಪ್ಯಾನ್’ ಎಂಬ ಲೆಕ್ಕವನ್ನು ಜಾರಿಗೆ ತಂದಿತು. ಬೆಲೆ ಇಷ್ಟು ಏರಿದರೆ, ಇಷ್ಟು ಇಳಿದರೆ, ಏರಿಳಿತದ ತೀವ್ರತೆ ಬದಲಾದರೆ ಎಂದು 16 ಸನ್ನಿವೇಶಗಳಲ್ಲಿ ನಷ್ಟವನ್ನು ಅಂದಾಜು ಮಾಡಿ, ಅದರಲ್ಲಿ ದೊಡ್ಡದನ್ನು ಮಾರ್ಜಿನ್ ಎಂದು ಕೇಳುವ ಲೆಕ್ಕ ಇದು. 2000ದ ಜೂನ್‌ನಲ್ಲಿ ನಿಫ್ಟಿ ಫ್ಯೂಚರ್ಸ್ ಶುರುವಾದಾಗ ನಮ್ಮಲ್ಲಿಗೂ ಬಂತು. ಆದರೆ ಈ ಹಣ ಸಾಮಾನ್ಯ ದಿನಗಳ ನಷ್ಟದಿಂದ ಎಕ್ಸ್‌ಚೇಂಜನ್ನು ಕಾಪಾಡುವುದಕ್ಕೆ. ನೀವು ಎಷ್ಟು ಲಾಟ್ ಹಿಡಿಯಬಹುದು ಎಂಬುದಕ್ಕೆ ಅದು ಉತ್ತರವಲ್ಲ.

ಅಮೆರಿಕದ ವಿಕ್ಟರ್ ನೀಡರ್‌ಹಾಫರ್ ಹೆಸರಾಂತ ಫಂಡ್ ಮ್ಯಾನೇಜರ್ ಆಗಿದ್ದರು. ಅಲ್ಲಿನ ಸೂಚ್ಯಂಕ ಅಷ್ಟೊಂದು ಬೀಳದು ಎಂದು ಪುಟ್ ಆಪ್ಷನ್‌ಗಳನ್ನು ಧಾರಾಳವಾಗಿ ಮಾರಿದ್ದರು. 1997ರ ಅಕ್ಟೋಬರ್ 27ರಂದು ಡೌ ಬಿದ್ದದ್ದು ಶೇಕಡ 7 ಚಿಲ್ಲರೆ, 1987ರ ಮೂರನೇ ಒಂದು ಪಾಲು. ಕೇಳಿದ ಮಾರ್ಜಿನ್ ತುಂಬಲಾಗದೆ ಅವರ ಫಂಡ್ ಮುಳುಗಿತು. ಮರುದಿನವೇ ಮಾರುಕಟ್ಟೆ ಚೇತರಿಸಿಕೊಂಡಿತು, ಆದರೆ ಅದರ ಲಾಭ ಪಡೆಯಲು ಅವರ ಕೈಯಲ್ಲಿ ಏನೂ ಉಳಿದಿರಲಿಲ್ಲ. ಅಂದಾಜಿಗಿಂತ ಗಾತ್ರವೇ ಅವರನ್ನು ಕೆಡವಿತು ಎಂದು ನನಗನ್ನಿಸುತ್ತದೆ.

ನಮ್ಮ ಲೆಕ್ಕಕ್ಕೆ 2020ರ ಮಾರ್ಚ್ 23 ಸಾಕು. ಶುಕ್ರವಾರ 8,745ರಲ್ಲಿ ಮುಗಿದ ನಿಫ್ಟಿ, ಸೋಮವಾರ 7,945ರಲ್ಲಿ ತೆರೆಯಿತು. ನಡುವಿನ 800 ಅಂಶಗಳಲ್ಲಿ ಒಂದೂ ವ್ಯವಹಾರ ನಡೆದಿರಲಿಲ್ಲ. 8,600ಕ್ಕೆ ಸ್ಟಾಪ್‌ಲಾಸ್ ಇಟ್ಟವರಿಗೆ ಆ ಬೆಲೆ ಸಿಗುವ ಮಾತೇ ಇಲ್ಲ. ಸ್ವಲ್ಪ ಹೊತ್ತಿನಲ್ಲೇ ಶೇಕಡ 10ರ ಸರ್ಕ್ಯೂಟ್ ಮುಟ್ಟಿ ವಹಿವಾಟು 45 ನಿಮಿಷ ನಿಂತಿತು. ಸಂಜೆಗೆ 7,610.

ಆಗ ಒಂದು ಲಾಟ್ ಎಂದರೆ 75. ಸೂಚ್ಯಂಕದಷ್ಟೇ ಫ್ಯೂಚರ್ಸ್ ಬಿತ್ತು ಎಂದುಕೊಂಡರೆ, ಕೊಂಡವರಿಗೆ ಲಾಟಿಗೆ ಸುಮಾರು 85,000 ರೂಪಾಯಿ ನಷ್ಟ. ನಿಮ್ಮ ಬಂಡವಾಳ 5 ಲಕ್ಷ, ಲಾಟಿನ ಮಾರ್ಜಿನ್ 1.3 ಲಕ್ಷ ಎಂದಿಟ್ಟುಕೊಳ್ಳಿ. ಬಂಡವಾಳ ಮೂರು ಲಾಟಿನ ಮಾರ್ಜಿನ್‌ಗೆ ಸಾಲುತ್ತದೆ, ಆದರೆ ಒಂದೇ ದಿನದಲ್ಲಿ ಅರ್ಧ ಬಂಡವಾಳ ಹೋಗುತ್ತದೆ. ಅಂಥ ದಿನಗಳಲ್ಲಿ ಎಕ್ಸ್‌ಚೇಂಜ್ ಮಾರ್ಜಿನನ್ನೂ ಏರಿಸುತ್ತದೆ. ಉಳಿದ ಹಣ ಮೂರು ಲಾಟಿಗೆ ಸಾಲದೆ, ಬ್ರೋಕರ್ ತಳದ ಬೆಲೆಗೇ ಮಾರಿಬಿಡುತ್ತಾನೆ. ಹಾಗಾಗಿ ಲೆಕ್ಕವನ್ನು ತಿರುಗಿಸಿ ಮಾಡಬೇಕು. ಒಂದು ರಾತ್ರಿಯಲ್ಲಿ ಕಳೆದುಕೊಳ್ಳಲು ತಯಾರಿರುವುದು 1 ಲಕ್ಷವಾದರೆ, ಅದನ್ನು ಶೇಕಡ 13ರ ಕುಸಿತದ ನಷ್ಟದಿಂದ ಭಾಗಿಸಿ. ಬರುವುದು ಒಂದೇ ಲಾಟ್.

ಪುಟ್ ಮಾರುವವರಿಗೆ ಇನ್ನೊಂದು ದಾರಿ ಇದೆ. 8,000ದ ಪುಟ್ ಮಾರುವಾಗಲೇ 7,500ರದ್ದನ್ನು ಕೊಂಡುಬಿಟ್ಟರೆ, ಅವಧಿ ಮುಗಿದಾಗ ಗರಿಷ್ಠ ನಷ್ಟ ಲಾಟಿಗೆ 37,500ರಲ್ಲಿ ಪ್ರೀಮಿಯಂ ಕಳೆದಷ್ಟು. ಆಗ 1 ಲಕ್ಷದೊಳಗೆ ಕನಿಷ್ಠ ಎರಡು ಲಾಟ್ ಹಿಡಿಸುತ್ತವೆ. ಆದಾಯ ಕಡಿಮೆಯಾಗುತ್ತದೆ, ನಿಜ. ಆದರೆ ಕೆಳಗಿನ ಪುಟ್ಟನ್ನು ಕುಸಿತದ ಸೋಮವಾರ ಬೆಳಿಗ್ಗೆ ಕೊಳ್ಳೋಣ ಎಂದರೆ ಅದರ ಬೆಲೆ ಆಗಲೇ ಹಲವು ಪಟ್ಟು ಏರಿರುತ್ತದೆ.