ಕ್ಯಾಮೆರಾ ಯಾವ ಹೊತ್ತಿಗೆ ನಿಂತಿತು?



ಡ್ಯಾಶ್‌ಕ್ಯಾಮ್ ಕೆಲಸ ಮಾಡುತ್ತಿರಲಿಲ್ಲ ಎಂಬುದು ಬಹಳ ಸಲ ಅಪಘಾತವಾದ ಮೇಲೆಯೇ ಗೊತ್ತಾಗುತ್ತದೆ. ಆಗ ಕಾರ್ಡ್ ಬದಲಿಸುತ್ತಾರೆ, ಅದರಿಂದಲೂ ಸರಿಹೋಗದಿದ್ದರೆ ಕ್ಯಾಮೆರಾ ಬದಲಿಸುತ್ತಾರೆ. ಏನು ಕೆಟ್ಟಿತ್ತು ಎಂಬುದು ಕೊನೆಗೂ ತಿಳಿಯುವುದಿಲ್ಲ. ಈ ಸಂಕಿರಣದ ಆರಂಭದಲ್ಲಿ ನಾನು ಹೇಳಬೇಕೆಂದಿರುವುದು ಒಂದೇ ಮಾತು: ಕ್ಯಾಮೆರಾ ನಿಂತ ಹೊತ್ತನ್ನು ಮೊದಲು ನೋಡಿ. ಕಾರ್ಡ್, ಬಿಸಿ, ಕರೆಂಟು ಈ ಮೂರೂ ಕೈಕೊಡುವ ವೇಳೆ ಬೇರೆ ಬೇರೆ. ಆ ವೇಳೆ ಫೈಲುಗಳ ಹೆಸರಿನಲ್ಲೇ ದಾಖಲಾಗಿರುತ್ತದೆ.

ಒಂದು ಉದಾಹರಣೆ ಇಟ್ಟುಕೊಂಡು ಮಾತಾಡೋಣ. ಕಲಬುರಗಿಯಲ್ಲಿ ದಿನಕ್ಕೆ 12 ಗಂಟೆ ಓಡುವ ಒಂದು ಟ್ಯಾಕ್ಸಿ. ಅದರ ಮುಂಗಾಜಿಗೆ ಫುಲ್ ಎಚ್‌ಡಿ ಕ್ಯಾಮೆರಾ, ಅದರೊಳಗೆ 32 ಜಿಬಿಯ ಸಾಧಾರಣ ಕಾರ್ಡ್. ಇಂಥ ಕ್ಯಾಮೆರಾ ಸೆಕೆಂಡಿಗೆ ಸುಮಾರು 2 ಎಂಬಿ, ಅಂದರೆ ಗಂಟೆಗೆ 7 ಜಿಬಿಯಷ್ಟು ಬರೆಯುತ್ತದೆ. ನಾಲ್ಕೂವರೆ ಗಂಟೆಗೆ ಕಾರ್ಡ್ ತುಂಬುತ್ತದೆ, ಹಳೆಯದನ್ನು ಅಳಿಸಿ ಮತ್ತೆ ಮೊದಲಿನಿಂದ ಬರೆಯತೊಡಗುತ್ತದೆ. ದಿನಕ್ಕೆ 84 ಜಿಬಿ ಎಂದರೆ ಇಡೀ ಕಾರ್ಡ್ ಎರಡೂವರೆ ಸಲಕ್ಕಿಂತ ಹೆಚ್ಚು ಅಳಿದು ಬರೆದಂತಾಯಿತು. ವರ್ಷಕ್ಕೆ 300 ದಿನ ಗಾಡಿ ಓಡಿದರೆ ಸುಮಾರು 790 ಸಲ. ಸಾಧಾರಣ ಕಾರ್ಡುಗಳೊಳಗಿನ ಫ್ಲ್ಯಾಶ್ ಚಿಪ್ಪು ಹೀಗೆ ಅಳಿಸಿ ಬರೆಯುವುದನ್ನು ತಾಳಿಕೊಳ್ಳುವುದು ಕೆಲವು ನೂರರಿಂದ ಸಾವಿರದ ಆಸುಪಾಸಿನವರೆಗೆ. ಫೋನಿನಲ್ಲಿ ಹಲವು ವರ್ಷ ಬಾಳುವ ಕಾರ್ಡ್ ಟ್ಯಾಕ್ಸಿಯಲ್ಲಿ ವರ್ಷಕ್ಕೇ ಸವೆಯುವುದು ಇದರಿಂದ.

ಇದೇ ಲೆಕ್ಕವನ್ನು 128 ಜಿಬಿ ಕಾರ್ಡಿಗೆ ಹಾಕಿ ನೋಡಿ. ವರ್ಷಕ್ಕೆ ಸುಮಾರು 200 ಸಲವಷ್ಟೇ ಅಳಿಸಿ ಬರೆದಂತಾಗುತ್ತದೆ. ಎಂದರೆ, ಕ್ಯಾಮೆರಾ ಒಪ್ಪುವಷ್ಟು ದೊಡ್ಡ ಕಾರ್ಡ್ ಹಾಕುವುದೇ ಬಾಳಿಕೆಯ ಮೊದಲ ಉಪಾಯ. ಎರಡನೆಯದು 'ಹೈ ಎಂಡ್ಯೂರೆನ್ಸ್' ಎಂದು ಮಾರುವ ಕಾರ್ಡ್. ಅದರ ಪೊಟ್ಟಣದ ಮೇಲೆ ಇಷ್ಟು ಸಾವಿರ ಗಂಟೆ ಎಂದು ಅಚ್ಚಾಗಿರುತ್ತದೆ. ಆ ಗಂಟೆಗಳು ಸಾಮಾನ್ಯವಾಗಿ ಫುಲ್ ಎಚ್‌ಡಿ ಲೆಕ್ಕದವು. 4ಕೆ ಇಟ್ಟರೆ ಬರೆಯುವ ಪ್ರಮಾಣ ಏರುತ್ತದೆ, ಅದಕ್ಕೆ ತಕ್ಕಂತೆ ಗಂಟೆಗಳು ಇಳಿಯುತ್ತವೆ. 'ವಿ30' ಎಂಬ ಗುರುತು ನೋಡಿ ಬಾಳಿಕೆ ಬರುತ್ತದೆಂದುಕೊಳ್ಳುವವರಿದ್ದಾರೆ. ಅದು ಸೆಕೆಂಡಿಗೆ ಕನಿಷ್ಠ 30 ಎಂಬಿ ಬರೆಯಬಲ್ಲದು ಎಂಬ ವೇಗದ ಮಾತು. ಎಷ್ಟು ಕಾಲ ಬರೆಯಬಲ್ಲದು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಸವೆದ ಕಾರ್ಡಿಗೆ ಹೊತ್ತುಗೊತ್ತಿಲ್ಲ. ಬೆಳಗ್ಗೆ ತಂಪಿನಲ್ಲೂ ನಿಲ್ಲುತ್ತದೆ, ರಾತ್ರಿಯೂ ನಿಲ್ಲುತ್ತದೆ. ನಡುನಡುವೆ ಫೈಲುಗಳು ಮಾಯವಾಗಿ, ತಿಂಗಳು ಕಳೆದಂತೆ ಈ ಖಾಲಿ ಜಾಗಗಳು ಹೆಚ್ಚುತ್ತವೆ. ಕೆಲವು ಕಾರ್ಡುಗಳು ಕೊನೆಗೆ ಬರೆಯುವುದನ್ನೇ ನಿಲ್ಲಿಸಿಬಿಡುತ್ತವೆ. ಫೈಲನ್ನು ಅಳಿಸುತ್ತೀರಿ, ಕಾರ್ಡ್ ತೆಗೆದು ಮತ್ತೆ ಹಾಕಿದರೆ ಅದೇ ಫೈಲು ಅಲ್ಲೇ ಇರುತ್ತದೆ. ಅಲ್ಲಿಗೆ ಅದರ ಆಯಸ್ಸು ಮುಗಿಯಿತು.

ಆದರೆ 'ಕಾರ್ಡ್ ಫುಲ್' ಎಂದು ಬಂದೊಡನೆ ಸವೆದಿದೆ ಎನ್ನಬೇಡಿ. ಕ್ಯಾಮೆರಾದೊಳಗೆ ಹೊಡೆತವನ್ನು ಗುರುತಿಸುವ ಜಿ-ಸೆನ್ಸರ್ ಇದೆ. ಅಪಘಾತವಾಯಿತೆಂದು ಅದಕ್ಕೆ ಅನ್ನಿಸಿದರೆ ಆ ಫೈಲಿಗೆ ಬೀಗ ಹಾಕುತ್ತದೆ, ಅಳಿಸಲು ಬಿಡುವುದಿಲ್ಲ. ನಮ್ಮ ಹಂಪು, ಗುಂಡಿಗಳೆಲ್ಲ ಅದರ ಕಣ್ಣಿಗೆ ಅಪಘಾತಗಳೇ. ಬೀಗ ಬಿದ್ದ ಫೈಲುಗಳೇ ಜಾಗ ತಿಂದರೆ ಹೊಸದಕ್ಕೆ ಎಡೆಯಿಲ್ಲ. ಸೆನ್ಸರಿನ ಸೂಕ್ಷ್ಮತೆಯನ್ನು ಕಡಿಮೆ ಮಾಡಿ, ಬೇಕಾದ ಫೈಲುಗಳನ್ನು ಕಾಪಿ ಮಾಡಿಕೊಂಡು, ತಿಂಗಳಿಗೊಮ್ಮೆ ಕ್ಯಾಮೆರಾದಲ್ಲೇ ಫಾರ್ಮ್ಯಾಟ್ ಮಾಡಿದರೆ ಸಾಕು.

ಇನ್ನು ಬಿಸಿ. ಇದಕ್ಕೆ ಖಚಿತವಾದ ವೇಳೆಯುಂಟು. ಮಧ್ಯಾಹ್ನ ಬಿಸಿಲಲ್ಲಿ ನಿಲ್ಲಿಸಿದ್ದ ಗಾಡಿ ಹತ್ತಿದಾಗ ಕ್ಯಾಮೆರಾ ಏಳುವುದಿಲ್ಲ, ಎದ್ದರೂ ಸ್ವಲ್ಪ ಹೊತ್ತಿಗೆ ಆರುತ್ತದೆ, ಸಂಜೆ ತಾನಾಗಿ ಸರಿಹೋಗುತ್ತದೆ. ಅಮೆರಿಕದ ಅರಿಜೋನಾದಲ್ಲಿ ನಡೆದು 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಬೇಸಿಗೆಯ ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರುಗಳ ಒಳಗಿನ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್, ಡ್ಯಾಶ್‌ಬೋರ್ಡ್ 69 ಡಿಗ್ರಿಯಷ್ಟು ಕಾದಿತ್ತು. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ಕಲಬುರಗಿಗೆ ಈ ಮಾತು ದೂರದ್ದಲ್ಲ. ಇಷ್ಟು ಬಿಸಿಯಲ್ಲಿ ಕಾರ್ಡಿನ ಬಗ್ಗೆ ಅಷ್ಟು ಚಿಂತೆ ಬೇಡ, ಹೆಚ್ಚಿನ ಕಾರ್ಡುಗಳು 85 ಡಿಗ್ರಿಯವರೆಗೆ ಕೆಲಸ ಮಾಡುವಂತೆ ತಯಾರಾಗಿರುತ್ತವೆ. ಮೊದಲು ಸೋಲುವುದು ಕ್ಯಾಮೆರಾದೊಳಗಿನ ಲಿಥಿಯಂ ಬ್ಯಾಟರಿ. ಅದನ್ನು ಸಾಮಾನ್ಯವಾಗಿ 45 ಡಿಗ್ರಿಯ ಮೇಲೆ ಚಾರ್ಜ್ ಮಾಡಬಾರದು, ದಿನವೂ ಕಾದರೆ ಅದು ಉಬ್ಬುತ್ತದೆ. ಆದ್ದರಿಂದ ನಮ್ಮ ಬಿಸಿಲಿಗೆ ಬ್ಯಾಟರಿಯ ಬದಲು ಸೂಪರ್ ಕೆಪಾಸಿಟರ್ ಇರುವ ಕ್ಯಾಮೆರಾ ತಕ್ಕುದು. ಕರೆಂಟು ಹೋದ ಮೇಲೆ ಅದು ಕೆಲವೇ ಸೆಕೆಂಡು ಕ್ಯಾಮೆರಾವನ್ನು ಉಳಿಸುತ್ತದೆ. ಫೈಲನ್ನು ಮುಚ್ಚಲು ಅಷ್ಟು ಸಾಕು.

ಆಕ್ಷನ್ ಕ್ಯಾಮೆರಾದ ಬಿಸಿ ಬೇರೆ ಬಗೆಯದು. ಅಲ್ಲಿ ಬಿಸಿ ಹುಟ್ಟುವುದು ಮುಖ್ಯವಾಗಿ ಒಳಗಿನ ಪ್ರೊಸೆಸರಿನಿಂದ. ಬೈಕಿನ ಹೆಲ್ಮೆಟ್ಟಿನ ಮೇಲೆ ಗಾಳಿ ತಾಗುವಾಗ ಗಂಟೆಗಟ್ಟಲೆ ಓಡಿದ ಕ್ಯಾಮೆರಾ, ನಿಂತ ಗಾಳಿಯಲ್ಲಿ ಸ್ಟ್ಯಾಂಡಿನ ಮೇಲಿಟ್ಟರೆ ಬೇಗನೆ ಆರಿಹೋಗುತ್ತದೆ. 4ಕೆ 60 ಫ್ರೇಮಿನಿಂದ 30ಕ್ಕೆ ಇಳಿಸಿ, ವೈ-ಫೈ ಆರಿಸಿದರೆ ಹೊತ್ತು ಹೆಚ್ಚು ಬರುತ್ತದೆ.

ಮೂರನೆಯದು ಕರೆಂಟು. ನಮ್ಮಲ್ಲಿ ಅತಿ ಕಡಿಮೆ ಶಂಕೆಗೆ ಒಳಗಾಗುವುದು ಇದೇ. ಕೇಬಲನ್ನು ಮುಂಗಾಜಿನ ಅಂಚಿನಲ್ಲಿ ಬಳಸಿ ತರಲು ಮೂರೂವರೆ ಮೀಟರ್ ಬೇಕು. ಹೋಗುವ ತಂತಿ, ಬರುವ ತಂತಿ ಸೇರಿ 7 ಮೀಟರ್. ಕೇಬಲಿನೊಳಗೆ 28 ಗೇಜಿನ ತೆಳು ತಂತಿಯಿದ್ದರೆ ಅದರ ರೋಧ ಸುಮಾರು ಒಂದೂವರೆ ಓಮ್. ಕ್ಯಾಮೆರಾ ಒಂದು ಆಂಪಿಯರ್ ಎಳೆದರೆ ದಾರಿಯಲ್ಲೇ ಒಂದೂವರೆ ವೋಲ್ಟ್ ಸೋರಿ, 5 ವೋಲ್ಟಿನ ಬದಲು ಮೂರೂವರೆ ಮಾತ್ರ ತಲುಪುತ್ತದೆ. 24 ಗೇಜಿನ ದಪ್ಪ ತಂತಿಯಲ್ಲಿ ಸೋರಿಕೆ 0.6 ವೋಲ್ಟ್ ಅಷ್ಟೆ. ಫೋನಿನ ಕೇಬಲನ್ನು ಸ್ಟೀರಿಯೊದ ಯುಎಸ್‌ಬಿಗೆ ಸಿಕ್ಕಿಸಿದರಂತೂ ಎಷ್ಟೋ ಗಾಡಿಗಳಲ್ಲಿ ಸಿಗುವುದು ಅರ್ಧ ಆಂಪಿಯರ್. ಹಿಂದಿನ ಕ್ಯಾಮೆರಾವನ್ನೂ ಜೋಡಿಸಿದ್ದರೆ ಇದು ಸಾಲದು.

ಕರೆಂಟಿನ ದೋಷ ಕಾಣುವುದು ಗಾಡಿ ಸ್ಟಾರ್ಟ್ ಮಾಡುವಾಗ, ಸಡಿಲ ಸಾಕೆಟ್ಟು ಹಂಪಿನ ಮೇಲೆ ಅಲುಗಿದಾಗ. ಕ್ಯಾಮೆರಾ ಆರಿ ಮತ್ತೆ ಹೊತ್ತಿಕೊಳ್ಳುತ್ತದೆ. ಮೂರು ನಿಮಿಷದ ಫೈಲುಗಳ ನಡುವೆ ಹತ್ತು ಸೆಕೆಂಡಿನ ತುಂಡುಗಳು ಕಾಣುತ್ತವೆ. ಕೆಪಾಸಿಟರ್ ಅಥವಾ ಬ್ಯಾಟರಿಯೂ ಸೋತಿದ್ದರೆ ಕೊನೆಯ ಫೈಲು ತೆರೆಯುವುದೇ ಇಲ್ಲ. ಎಂಪಿ4 ಫೈಲಿನ ಸೂಚಿಯನ್ನು ಸಾಮಾನ್ಯವಾಗಿ ಕೊನೆಯಲ್ಲಿ ಬರೆಯುತ್ತಾರೆ. ಅದಕ್ಕೆ ಮೊದಲೇ ಕರೆಂಟು ಹೋದರೆ ದೃಶ್ಯ ಕಾರ್ಡಿನಲ್ಲಿದ್ದೂ ಕೈಗೆ ಸಿಗುವುದಿಲ್ಲ. ಅಪಘಾತದಲ್ಲಿ ವಯರು ಕಿತ್ತಾಗ ಕಳೆದುಹೋಗುವುದು ಬೇಕಾಗಿದ್ದ ಆ ಫೈಲೇ.

ಹಾಗಾದರೆ ನಮ್ಮ ಟ್ಯಾಕ್ಸಿಯನ್ನು ಪರೀಕ್ಷಿಸುವುದು ಹೇಗೆ? ಮೊದಲು ಒಂದು ವಾರದ ಫೈಲುಗಳ ವೇಳೆಯನ್ನು, ಪ್ರತಿ ಸಲ ಕಾರ್ಡ್ ತುಂಬಿ ಅಳಿಸಿ ಬರೆಯತೊಡಗುವ ಮುಂಚೆ ಬರೆದಿಟ್ಟುಕೊಳ್ಳಿ. ಅನಂತರ ಕ್ಯಾಮೆರಾವನ್ನು ಅದೇ ಕಾರ್ಡಿನೊಂದಿಗೆ ನೆರಳಿನಲ್ಲಿ, ಮೇಜಿನ ಮೇಲೆ, ಒಳ್ಳೆಯ ಚಾರ್ಜರಿಗೆ ಗಿಡ್ಡ ಕೇಬಲ್ ಹಾಕಿ ಐದಾರು ಗಂಟೆ ಓಡಿಸಿ. ಅಷ್ಟರಲ್ಲಿ 32 ಜಿಬಿ ಒಮ್ಮೆ ಪೂರ್ತಿ ಸುತ್ತಿರುತ್ತದೆ. ಅಲ್ಲೂ ನಿಂತರೆ ಕಾರ್ಡ್ ಬದಲಿಸಿ ನೋಡಿ, ಆಗಲೂ ನಿಂತರೆ ದೋಷ ಕ್ಯಾಮೆರಾದ್ದು. ನಿಲ್ಲದಿದ್ದರೆ ಅದೇ ಚಾರ್ಜರು, ಗಾಡಿಯ ಉದ್ದ ಕೇಬಲ್ ಹಾಕಿ ಓಡಿಸಿ. ಆಗ ನಿಂತರೆ ಕೇಬಲ್ಲೇ ಕಾರಣ. ಆಗಲೂ ಓಡಿದರೆ ಉಳಿದದ್ದು ಗಾಡಿಯ ಸಾಕೆಟ್ಟು, ಅಡಾಪ್ಟರು ಇಲ್ಲವೇ ಬಿಸಿಲು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು, ಎರಡನ್ನು ಒಟ್ಟಿಗೆ ಬದಲಿಸಿದರೆ ಯಾವುದರಿಂದ ಸರಿಯಾಯಿತೆಂದು ತಿಳಿಯುವುದಿಲ್ಲ.

ಈ ಸಂಕಿರಣದಿಂದ ನಾನು ಬಯಸುವುದು ಇಷ್ಟು. ಗ್ಯಾರೇಜಿನವರು ಕ್ಯಾಮೆರಾ ತುದಿಯ ವೋಲ್ಟೇಜನ್ನು ಅಳೆಯದೆ ಗಾಡಿ ಬಿಟ್ಟುಕೊಡಬಾರದು. ಟ್ಯಾಕ್ಸಿ ಸಂಸ್ಥೆಗಳು ಕಾರ್ಡನ್ನು ಎಂಜಿನ್ ಆಯಿಲ್ಲಿನ ಹಾಗೆ ಸವೆಯುವ ಸಾಮಾನೆಂದು ಎಣಿಸಿ, ಹಾಕಿದ ತಾರೀಖನ್ನು ಗಾಡಿಯ ಪುಸ್ತಕದಲ್ಲಿ ಬರೆಯಬೇಕು. ಕಾಲೇಜುಗಳು ನಮ್ಮ ಊರಿನ ಮೇ ತಿಂಗಳ ಮುಂಗಾಜಿನ ಬಿಸಿಯನ್ನು ಅಳೆದು, ಎಲ್ಲರಿಗೂ ಸಿಗುವಂತೆ ಕನ್ನಡದಲ್ಲಿ ಪ್ರಕಟಿಸಬೇಕು. ಈ ಮೂರಕ್ಕೂ ದೊಡ್ಡ ಖರ್ಚಿಲ್ಲ. ಮುಂದಿನ ಗೋಷ್ಠಿಗಳಲ್ಲಿ ಚರ್ಚೆ ಇಲ್ಲಿಂದ ಆರಂಭವಾಗಲಿ ಎಂದು ಕೋರುತ್ತೇನೆ.